ಕೊನೆಗೆ ಬಂದದ್ದು ಮೊದಲು ಏಕೆ ಹೋಗುತ್ತದೆ?
(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

ಶಾಲೆಯ ನೆನಪುಗಳನ್ನು ಬೆಳಗಿನಿಂದ ಬಹಳ ಜನ ಹೇಳಿದ್ದಾರೆ. ನನಗೆ ಕೊಟ್ಟಿರುವುದು ವಿಜ್ಞಾನ ಗೋಷ್ಠಿ. ಆದ್ದರಿಂದ ಪಿಯುಸಿಯಲ್ಲಿ ನನ್ನ ಎರಡು ಅಂಕ ಕಳೆದ ಒಂದು ಪ್ರಶ್ನೆಯನ್ನೇ ನಿಮ್ಮ ಮುಂದಿಡುತ್ತೇನೆ. ಆಮೇಲೆ ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ವರ್ಷಗಟ್ಟಲೆ ರಸಾಯನಶಾಸ್ತ್ರ ಪಾಠ ಮಾಡಿದಾಗ ಪ್ರತಿವರ್ಷವೂ ಅದೇ ತಪ್ಪನ್ನು ಅದೇ ರೀತಿ ಬರೆಯುವ ಮಕ್ಕಳನ್ನು ಕಂಡೆ.

ನಮ್ಮ ಕಡೆ ದ್ರಾಕ್ಷಿ ತೋಟ ಇರುವವರಿಗೆ ಅನ್ನಭೇದಿ ಗೊತ್ತು. ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆ ಎಂದು ಅದನ್ನು ನೀರಿಗೆ ಹಾಕಿ ಸಿಂಪಡಿಸುತ್ತಾರೆ. ತಿಳಿಹಸಿರು ಹರಳು. ಅದರಲ್ಲಿರುವುದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ, Fe²⁺. ಕಬ್ಬಿಣದಲ್ಲಿ 26 ಎಲೆಕ್ಟ್ರಾನ್. ತುಂಬುವ ಕ್ರಮದಲ್ಲಿ ಮೊದಲು 4s ನಲ್ಲಿ ಎರಡು, ಆಮೇಲೆ 3d ಯಲ್ಲಿ ಆರು. ಹಾಗಾದರೆ ಎರಡು ತೆಗೆದರೆ ಉಳಿಯುವುದೇನು? ಕೊನೆಗೆ ಹಾಕಿದ್ದು 3d, ಆದ್ದರಿಂದ ಮೊದಲು ತೆಗೆಯುವುದೂ 3d ಎಂದುಕೊಂಡು 3d⁴4s² ಎಂದು ಬರೆದೆ. ಅಕ್ಕಿ ಮೂಟೆ ಜೋಡಿಸಿದವನು ಮೇಲಿನ ಮೂಟೆಯನ್ನೇ ಮೊದಲು ಇಳಿಸುವುದಲ್ಲವೇ? ಉತ್ತರ 3d⁶ ಎಂದು ಕೆಂಪು ಶಾಯಿ ಹೇಳಿತು. ಏಕೆ ಎಂದು ಕೇಳಿದರೆ, ನಿಯಮ ಅದು, ಬಾಯಿಪಾಠ ಮಾಡು ಎಂಬ ಉತ್ತರ ಬಂತು. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಜೀವಮಾನವಿಡೀ ಪ್ರಶ್ನೆ ಕೇಳಿ ಎಂದೇ ಹೇಳುತ್ತಿದ್ದರು. ಅವರ ವಿಷಯ ಪರಮಾಣುವಿನ ನಡುವಿನ ನ್ಯೂಕ್ಲಿಯಸ್. ನನ್ನ ಪ್ರಶ್ನೆ ಅದರ ಸುತ್ತ ಇರುವವರದು.

ಉತ್ತರಕ್ಕೆ ದಾರಿ ತೋರಿಸಿದವರು ಅಮೆರಿಕದ ಜಾನ್ ಸ್ಲೇಟರ್. 1930ರಲ್ಲಿ ಫಿಸಿಕಲ್ ರಿವ್ಯೂ ಪತ್ರಿಕೆಯಲ್ಲಿ ಅವರು ಕೆಲವು ಸರಳ ಸಂಖ್ಯೆಗಳನ್ನು ಕೊಟ್ಟರು. ಅವು ಸಿದ್ಧಾಂತದಿಂದ ನೇರವಾಗಿ ಹುಟ್ಟಿದವಲ್ಲ, ಅಳತೆಗಳಿಗೆ ಹೊಂದುವಂತೆ ಆರಿಸಿಕೊಂಡವು.

ನಂದಿಯ ಶಿವರಾತ್ರಿ ತೇರಿಗೆ ಹೋಗಿದ್ದೀರಲ್ಲ? ತೇರಿನ ಕಡೆ ನಿಮಗಿಂತ ಮುಂದೆ ನಿಂತವರು ನಿಮ್ಮ ಕಣ್ಣಿಗೆ ಅಡ್ಡ. ಪಕ್ಕದಲ್ಲಿ ನಿಂತವರು ಭುಜ ತಾಗಿಸಿ ಸ್ವಲ್ಪ ಅಡ್ಡ. ಹಿಂದೆ ನಿಂತವರು ಎಷ್ಟೇ ಇರಲಿ, ಅಡ್ಡವಲ್ಲ. ಎಲೆಕ್ಟ್ರಾನಿನ ಕಥೆಯೂ ಹೀಗೆಯೇ. ನ್ಯೂಕ್ಲಿಯಸ್ಸಿನ ಧನ ಆವೇಶ Z. ಮಧ್ಯದಲ್ಲಿರುವ ಎಲೆಕ್ಟ್ರಾನುಗಳು ಅದರ ಒಂದು ಭಾಗವನ್ನು ಮರೆಮಾಡುತ್ತವೆ. ಆ ಮರೆಯ ಮೊತ್ತಕ್ಕೆ S ಎನ್ನೋಣ. ಉಳಿದ Z − S ಎಂಬುದು ಆ ಎಲೆಕ್ಟ್ರಾನಿಗೆ ನಿಜವಾಗಿ ತಟ್ಟುವ ಆವೇಶ, ಪರಿಣಾಮಕ ಆವೇಶ.

ಲೆಕ್ಕಕ್ಕೆ ಮೊದಲು ಎಲೆಕ್ಟ್ರಾನುಗಳನ್ನು ಗುಂಪು ಮಾಡಬೇಕು: (1s) (2s 2p) (3s 3p) (3d) (4s 4p). ಇಲ್ಲಿ 3d ಎಂಬುದು 4s ಗಿಂತ ಮೊದಲು ಬರುತ್ತದೆ ಎಂಬುದನ್ನು ಗಮನಿಸಿ. ತುಂಬುವ ಕ್ರಮವನ್ನು ಇಲ್ಲಿಗೆ ಎಳೆದು ತಂದರೆ ಲೆಕ್ಕ ಅಲ್ಲೇ ಕೆಟ್ಟಿತು. ಇನ್ನು ಮರೆ. ಅದೇ ಗುಂಪಿನ ಪ್ರತಿ ಜೊತೆಗಾರನಿಗೆ 0.35. (1s ಗುಂಪಿನಲ್ಲಿ ಮಾತ್ರ 0.30.) ನಾವು ನೋಡುತ್ತಿರುವುದು s ಅಥವಾ p ಎಲೆಕ್ಟ್ರಾನ್ ಆದರೆ, ಒಂದು ಕವಚ ಒಳಗಿರುವ ಪ್ರತಿಯೊಂದಕ್ಕೆ 0.85, ಅದಕ್ಕಿಂತ ಒಳಗಿನದಕ್ಕೆ 1. ನೋಡುತ್ತಿರುವುದು d ಆದರೆ ಎಡಗಡೆ ಗುಂಪುಗಳಲ್ಲಿರುವುದೆಲ್ಲಕ್ಕೂ ಪೂರ್ತಿ 1. ಬಲಗಡೆಯವು ಸೊನ್ನೆ.

ಈ ವ್ಯತ್ಯಾಸ ಏಕೆ? ತೇರಿನ ಹೋಲಿಕೆ ಇಲ್ಲಿ ಸ್ವಲ್ಪ ಮುರಿಯುತ್ತದೆ. ಎಲೆಕ್ಟ್ರಾನು ಒಂದೇ ಜಾಗದಲ್ಲಿ ನಿಂತಿರುವುದಿಲ್ಲ. 4s ಎಲೆಕ್ಟ್ರಾನು ಬಹುಪಾಲು ಹೊರಗಿದ್ದರೂ, ಆಗಾಗ ಜನರ ನಡುವೆ ನುಸುಳಿ ತೇರಿನ ಹಗ್ಗದವರೆಗೂ ಹೋಗಿ ಬರುವ ಹುಡುಗನ ಹಾಗೆ. ಆ ಗಳಿಗೆಯಲ್ಲಿ ಅದಕ್ಕೆ ಮರೆ ಕಡಿಮೆ. 0.85 ಅದರ ಸರಾಸರಿ. 3d ಎಲೆಕ್ಟ್ರಾನು ಹಾಗೆ ಒಳಗೆ ನುಸುಳುವುದಿಲ್ಲ, ಅದಕ್ಕೆ ಮರೆ ಪೂರ್ತಿ.

ಸುಲಭದ ಲೆಕ್ಕ ಪೊಟ್ಯಾಸಿಯಂನದು. ಗೊಬ್ಬರದಂಗಡಿಯಲ್ಲಿ ಪೊಟ್ಯಾಷ್ ಎಂದು ಕೊಳ್ಳುವುದು ಅದರ ಲವಣವನ್ನೇ. Z = 19. ಹತ್ತೊಂಬತ್ತನೆಯ ಎಲೆಕ್ಟ್ರಾನು 4s ಗೆ ಹೋದರೆ, 3s 3p ಯ ಎಂಟಕ್ಕೆ 8 × 0.85 = 6.80, ಒಳಗಿನ ಹತ್ತಕ್ಕೆ 10, ಒಟ್ಟು S = 16.80. ತಟ್ಟುವ ಆವೇಶ 2.20. ಅದೇ ಎಲೆಕ್ಟ್ರಾನು 3d ಗೆ ಹೋದರೆ ಹದಿನೆಂಟೂ ಪೂರ್ತಿ ಮರೆ, ತಟ್ಟುವುದು 1 ಮಾತ್ರ.

ಆವೇಶವನ್ನು ಶಕ್ತಿಯಾಗಿಸಲು ಅದನ್ನು ಕವಚದ ಸಂಖ್ಯೆಯಿಂದ ಭಾಗಿಸಿ, ವರ್ಗ ಮಾಡಿ, 13.6 ಎಲೆಕ್ಟ್ರಾನ್ ವೋಲ್ಟಿನಿಂದ ಗುಣಿಸಬೇಕು. ನಾಲ್ಕನೆಯ ಕವಚಕ್ಕೆ ಸ್ಲೇಟರ್ 4ರ ಬದಲು 3.7 ಹಾಕಲು ಹೇಳಿದರು. 4s ಗೆ ಬರುವುದು ಸುಮಾರು 4.8. ಅಳತೆಯಲ್ಲಿ ಸಿಕ್ಕಿದ್ದು 4.34. 3d ಗೆ ಬರುವುದು 1.5, ಅಳತೆಯಲ್ಲಿ ಸುಮಾರು 1.67. ಬೆರಳೆಣಿಕೆಯ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದರೆ ಸಾಕಲ್ಲವೇ? 4s ಬಿಗಿ, ಆದ್ದರಿಂದ ಪೊಟ್ಯಾಸಿಯಂನಲ್ಲಿ ಮೊದಲು ತುಂಬುವುದು ಅದೇ.

ಈಗ ಕಬ್ಬಿಣಕ್ಕೆ ಬರೋಣ. Z = 26. 4s ನ ಒಂದು ಎಲೆಕ್ಟ್ರಾನಿಗೆ ಜೊತೆಗಾರ ಒಂದು, 0.35. ಮೂರನೆಯ ಕವಚದಲ್ಲಿ ಎಂಟು ಮತ್ತು ಆರು, ಹದಿನಾಲ್ಕು, 11.90. ಒಳಗೆ ಹತ್ತು. S = 22.25, ತಟ್ಟುವ ಆವೇಶ 3.75. 3d ಯ ಒಂದಕ್ಕೆ ಜೊತೆಗಾರರು ಐದು, ಆರಲ್ಲ. ತನ್ನನ್ನು ತಾನೇ ಎಣಿಸಿಕೊಳ್ಳುವುದು ಮಕ್ಕಳ ಮಾಮೂಲಿ ತಪ್ಪು. 5 × 0.35 = 1.75, ಒಳಗೆ 18, S = 19.75. ತಟ್ಟುವ ಆವೇಶ 6.25. ಪೊಟ್ಯಾಸಿಯಂನಲ್ಲಿ 4s ಮುಂದಿತ್ತು, ಕಬ್ಬಿಣದಲ್ಲಿ ತಿರುವುಮುರುವಾಗಿದೆ. ನಡುವೆ ನ್ಯೂಕ್ಲಿಯಸ್ಸಿನಲ್ಲಿ ಏಳು ಪ್ರೋಟಾನು ಹೆಚ್ಚಾಗಿವೆ. 3d ಎಲೆಕ್ಟ್ರಾನುಗಳು 4s ಗೆ 0.85ರಂತೆ ಮರೆ, ತಮ್ಮತಮ್ಮೊಳಗೆ 0.35ರಂತೆ ಮಾತ್ರ ಮರೆ. ಹೆಚ್ಚಿದ ಆವೇಶದ ಲಾಭ ಹೆಚ್ಚಾಗಿ 3d ಗೇ ದಕ್ಕಿತು.

ಇಲ್ಲಿಗೇ ನಿಲ್ಲಿಸಿ, ಸಡಿಲ ಇರುವುದು 4s, ಅದೇ ಹೋಯಿತು ಎಂದು ಬಹಳ ಪುಸ್ತಕಗಳು ಮುಗಿಸುತ್ತವೆ. ನಾನೂ ಹಲವು ವರ್ಷ ಹಾಗೆಯೇ ಮುಗಿಸುತ್ತಿದ್ದೆ. ಶಿಡ್ಲಘಟ್ಟದಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, 3d ಅಷ್ಟು ಬಿಗಿಯಾಗಿದ್ರೆ ಆ 4s ಎರಡೂ ಅಲ್ಲಿಗೇ ಹೋಗಿ ಎಂಟು ಆಗಬಹುದಿತ್ತಲ್ವಾ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಮನೆಯಲ್ಲಿ ಕೂತು ಲೆಕ್ಕ ಮಾಡಿದೆ.

ಒಂದು ಎಲೆಕ್ಟ್ರಾನಿನ ಬಿಗಿತವನ್ನು ಬಿಟ್ಟು, ಒಟ್ಟು ಪರಮಾಣುವಿನ ಶಕ್ತಿಯನ್ನು ಹೋಲಿಸಬೇಕು. ಒಂದು ಎಲೆಕ್ಟ್ರಾನು ಜಾಗ ಬದಲಿಸಿದರೆ ಉಳಿದವರ ಮರೆಯೂ ಬದಲಾಗುತ್ತದೆ. ಪ್ರತಿ ಎಲೆಕ್ಟ್ರಾನಿನ ಆವೇಶವನ್ನು ಭಾಗಿಸಿ ವರ್ಗ ಮಾಡಿದ ಸಂಖ್ಯೆಗಳನ್ನು ಕೂಡುತ್ತೇನೆ. ಮೊತ್ತ ದೊಡ್ಡದಾದಷ್ಟೂ ಕಟ್ಟು ಬಿಗಿ. ಒಳಗಿನ 18 ಎಲ್ಲ ಜೋಡಣೆಗಳಲ್ಲೂ ಒಂದೇ, ಅವನ್ನು ಬಿಡೋಣ. 3d⁶4s² ಗೆ ಆರು 3d ಯಿಂದ 26.04, ಎರಡು 4s ನಿಂದ 2.05, ಒಟ್ಟು 28.10. ಎಂಟೂ 3d ಯಲ್ಲಿದ್ದರೆ ಪ್ರತಿಯೊಂದಕ್ಕೂ ಏಳು ಜೊತೆಗಾರರ ಮರೆ, ಆವೇಶ 5.55ಕ್ಕೆ ಇಳಿಯುತ್ತದೆ, ಮೊತ್ತ 27.38. ಕಡಿಮೆ! ಒಳಗೆ ಇಕ್ಕಟ್ಟಾದ್ದರಿಂದ ಇಬ್ಬರು ಹೊರಗಿರುವುದೇ ಮನೆಗೆ ಲಾಭ. ಹುಡುಗಿಗೆ ಉತ್ತರ ಸಿಕ್ಕಿತು.

ನನ್ನ ಹಳೆಯ ಎರಡು ಅಂಕದ ಪ್ರಶ್ನೆಗೂ ಅಲ್ಲೇ ಸಿಕ್ಕಿತು. Fe²⁺ ಗೆ 3d⁶ ಬರೆದರೆ ಮೊತ್ತ 26.04. 4s ಹೊರಗಿದ್ದದ್ದರಿಂದ ಅದು ಹೋದರೂ 3d ಯ ಆವೇಶ 6.25 ಬದಲಾಗುವುದಿಲ್ಲ. ನಾನು ಬರೆದಿದ್ದ 3d⁴4s² ಗೆ, 3d ಆವೇಶ 6.95, 4s ಆವೇಶ 5.45, ಮೊತ್ತ 25.81. ವ್ಯತ್ಯಾಸ 0.23, ಅಂದರೆ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಕೆಂಪು ಶಾಯಿ ಸರಿ. ಮೂಟೆಗಳ ಹೋಲಿಕೆ ಎಲ್ಲಿ ತಪ್ಪಿತ್ತು ಎಂಬುದೂ ಗೊತ್ತಾಯಿತು. ಒಂದು ಧಾತುವಿನಿಂದ ಮುಂದಿನ ಧಾತುವಿಗೆ ಹೋಗುವಾಗ ಎಲೆಕ್ಟ್ರಾನಿನ ಜೊತೆ ಪ್ರೋಟಾನೂ ಸೇರುತ್ತದೆ. ಕಬ್ಬಿಣದಿಂದ ಎಲೆಕ್ಟ್ರಾನು ತೆಗೆಯುವಾಗ ಪ್ರೋಟಾನು 26ರಲ್ಲೇ ಉಳಿಯುತ್ತದೆ. ಆದ್ದರಿಂದ Fe²⁺ ನಲ್ಲಿರುವುದು ಕ್ರೋಮಿಯಂನಷ್ಟೇ 24 ಎಲೆಕ್ಟ್ರಾನಾದರೂ ಜೋಡಣೆ ಕ್ರೋಮಿಯಂನದಲ್ಲ.

ಅನ್ನಭೇದಿಯ ಡಬ್ಬ ಮುಚ್ಚದೆ ಬಿಟ್ಟರೆ ಹರಳಿನ ಮೇಲೆ ಕಂದು ಪುಡಿ ಬರುತ್ತದೆ. ಆಗ ಮೂರನೆಯ ಎಲೆಕ್ಟ್ರಾನು ಹೋಗಿರುತ್ತದೆ, ಅದು ಮಾತ್ರ 3d ಯಿಂದ. Fe³⁺ ನಲ್ಲಿ ಉಳಿಯುವುದು 3d⁵. ಅಂಥದ್ದು ಎಲೆಗೆ ಸರಿಯಾಗಿ ಒಗ್ಗುವುದಿಲ್ಲ. ಸಿಂಪಡಿಸುವ ದಿನವೇ ಕಲಸಿ ಎಂದು ಹೇಳುವುದು ಅದಕ್ಕೇ.

ಇಷ್ಟು ಹೊಗಳಿದ ಮೇಲೆ ಈ ನಿಯಮ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಒಂದೇ ಎಲೆಕ್ಟ್ರಾನು ತೆಗೆದ Fe⁺ ಗೆ ಇದೇ ಕೂಡಿಕೆ ಮಾಡಿ. 3d⁶4s¹ ಗೆ 27.27, 3d⁵4s² ಗೆ 27.29. ಲೆಕ್ಕದ ಪ್ರಕಾರ ಎರಡನೆಯದು ಗೆಲ್ಲಬೇಕು. ರೋಹಿತದಲ್ಲಿ ಅಳೆದು ನೋಡಿದರೆ ನಿಜವಾಗಿ ಇರುವುದು ಮೊದಲನೆಯದು. ಲೆಕ್ಕದ ಎರಡು ಮೊತ್ತಗಳ ಅಂತರ ಸುಮಾರು 0.3 ಎಲೆಕ್ಟ್ರಾನ್ ವೋಲ್ಟ್. ಆವೇಶದ ಬೆಲೆಗಳೂ ತೀರಾ ಕಡಿಮೆ ಬರುತ್ತವೆ. 1963ರಲ್ಲಿ ಕ್ಲೆಮೆಂಟಿ ಮತ್ತು ರೈಮಂಡಿ ಗಣಕಯಂತ್ರದಿಂದ ಮಾಡಿದ ಲೆಕ್ಕದಲ್ಲಿ ಕಬ್ಬಿಣದ 4s ಗೆ 5.43, 3d ಗೆ 11.18 ಬಂತು. ನಮ್ಮ 3.75, 6.25ರ ಮುಂದೆ ಅವು ಬಹಳ ದೊಡ್ಡವು. ಯಾವುದು ಹೆಚ್ಚು ಎಂಬುದು ಮಾತ್ರ ಎರಡರಲ್ಲೂ ಒಂದೇ. ಹಾಗಾಗಿ ಹೋಲಿಸಿದ ಎರಡು ಮೊತ್ತಗಳ ಅಂತರ ಒಂದು ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆ ಬಂದರೆ ನಾನು ಸ್ಲೇಟರನ್ನು ನಂಬುವುದಿಲ್ಲ, ಅಳತೆಯ ಪಟ್ಟಿ ತೆಗೆದು ನೋಡುತ್ತೇನೆ.

ಕಪ್ಪುಹಲಗೆಯ ಮೇಲೆ ಮ್ಯಾಂಗನೀಸಿನ Z = 25 ಬರೆದಿಟ್ಟಿದ್ದೇನೆ. ಊಟದ ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷ ಇದೆ. ಹತ್ತನೆಯ ತರಗತಿಯವರು ಯಾರಾದರೂ ಬಂದು Mn²⁺ ಗೆ ಎರಡೂ ಮೊತ್ತ ಕೂಡಿ ತೋರಿಸಿ. ಸೀಮೆಸುಣ್ಣ ಮೇಜಿನ ಮೇಲಿದೆ.