ಮುಂಜಾನೆ ಬಿಟ್ಟ ವಿಡಿಯೊಗೆ ನಿನ್ನೆಯ ತಾರೀಖು ಯಾಕೆ?

ಹಾನಗಲ್ಲಿನದೊಂದು ಯೂಟ್ಯೂಬ್ ಚಾನೆಲ್ ಅಂತ ಇಟ್ಕೊಳ್ರಿ. ಶಿಗ್ಗಾವಿ, ಸವಣೂರು, ಹಿರೇಕೆರೂರಿನವರೂ ನೋಡ್ತಾರೆ, ಅಮೆರಿಕದಲ್ಲಿರೋ ನಮ್ಮವರೂ ನೋಡ್ತಾರೆ. ಜುಲೈ 5ರ ಬೆಳಿಗ್ಗೆ 7ಕ್ಕೆ ವಿಡಿಯೊ ಬಿಟ್ಟರೆ, ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ಮೊದಲ ವ್ಯೂಗಳು ಜುಲೈ 4ಕ್ಕೆ ಬಿದ್ದಿರ್ತಾವೆ. ಯೂಟ್ಯೂಬ್ ದಿನ ಎಣಿಸೋದು ಕ್ಯಾಲಿಫೋರ್ನಿಯಾದ ಪೆಸಿಫಿಕ್ ಸಮಯಕ್ಕೆ. ಅಲ್ಲಿ ನಡುರಾತ್ರಿ 12 ಆದಾಗ ನಮಗೆ ಮಧ್ಯಾಹ್ನ 12.30, ಚಳಿಗಾಲದಲ್ಲಿ 1.30. ಹಿಂಗಾಗಿ ನಮ್ಮ ಒಂದು ದಿನ ಎರಡು ಸಾಲಿಗೆ ಹಂಚಿ ಹೋಗ್ತದೆ. ದಿನದ ಮೊತ್ತಕ್ಕೆ ಐದೂವರೆ ಗಂಟೆ ಕೂಡಿಸಿದರೂ ಇದು ಸರಿಹೋಗಲ್ಲ, ಗಂಟೆವಾರು ಅಂಕಿ ಬೇಕು. ಅದಿಲ್ಲದಿದ್ದರೆ ಕಾಲಮ್ಮಿಗೆ ‘ಪೆಸಿಫಿಕ್ ದಿನ’ ಅಂತ ಬರೆದು, ವಾರದ ಮೊತ್ತ ಹೋಲಿಸೋದೇ ವಾಸಿ.

ಇನ್ನು ತಾರೀಖು ಬರೆಯೋ ರೀತಿ. ನೀವು 05/07/2025 ಅಂತ ಬರೆದ CSV ಫೈಲನ್ನ ಅಮೆರಿಕದ ಗೆಳೆಯ ತೆಗೆದರೆ ಅದು ಮೇ 7 ಆಗ್ತದೆ. 13/07 ಬಂದಾಗ? ಹದಿಮೂರನೇ ತಿಂಗಳು ಇಲ್ಲವಲ್ಲ, ಬರೀ ಅಕ್ಷರವಾಗಿ ಸೆಲ್ಲಿನ ಎಡಕ್ಕೆ ಅಂಟ್ತದೆ. 12ರವರೆಗಿನ ಸಾಲು ಬಲಕ್ಕೆ, ಉಳಿದವು ಎಡಕ್ಕೆ ಕಂಡರೆ ರೋಗ ಇದೇ ಅಂತ ತಿಳೀರಿ. ಗೂಗಲ್ ಶೀಟ್ಸ್‌ನಲ್ಲಾದರೆ File, Settings ಒಳಗೆ Locale ಜಾಗದಲ್ಲಿ India ಆರಿಸಿ, ಫೈಲನ್ನ ಹೊಸದಾಗಿ ಇಂಪೋರ್ಟ್ ಮಾಡಬೇಕು. ಮೊದಲೇ ಕೆಟ್ಟ ಸಾಲು ತಾನಾಗಿ ತಿರುಗಲ್ಲ. ಕಳಿಸೋವಾಗ 2025-07-05 ಅಂತಲೇ ಕಳಿಸ್ರಿ.