ಹನ್ನೊಂದು ತಿಂಗಳು ಮುಗಿದ ಮೇಲೆ

ಬೀದರ್, ಭಾಲ್ಕಿ, ಔರಾದಿನಿಂದ ಬಂದ ವಕೀಲ ಮಿತ್ರರೇ, ಬಾಂಡ್ ಬರೆಯುವ ಅಣ್ಣಂದಿರೇ.

ಮುದ್ರಾಂಕ, ನೋಂದಣಿಯ ವಿಷಯವನ್ನು ಭಾಲ್ಕಿಯ ಗೆಳೆಯರು ಮಧ್ಯಾಹ್ನ ನನಗಿಂತ ಚೆನ್ನಾಗಿ ಹೇಳುತ್ತಾರೆ. ನನ್ನದು ಹಳೆಯ ತಕರಾರು: ನಾವು ಕಿರಾಯಿ ಪತ್ರವನ್ನು ಮನೆಗೆ ಬರುವ ದಿನಕ್ಕೆ ಬರೆಯುತ್ತೇವೆ, ಬಿಡುವ ದಿನಕ್ಕೆ ಬರೆಯುವುದಿಲ್ಲ.

ಔರಾದಿನ ಒಬ್ಬ ಶಿಕ್ಷಕರು ನನ್ನ ಬಳಿ ಬಂದಿದ್ದರು. ಕಿರಾಯಿ 6,000, ಡಿಪಾಜಿಟ್ 30,000, ಬಾಂಡ್ 11 ತಿಂಗಳದು. ಅವಧಿ ಮುಗಿದರೂ ಹೊಸ ಪತ್ರ ಆಗಲಿಲ್ಲ. ಮಾಲೀಕರು ಬಾಯಿಮಾತಿನಲ್ಲಿ 6,600 ಮಾಡಿದರು, ಇವರು ಕೊಡುತ್ತಾ ಹೋದರು. ಮೂರು ವರ್ಷದ ಮೇಲೆ ವರ್ಗವಾಯಿತು. 'ಮುಂದಿನ ವಾರ ಬಿಡ್ತೀನ್ರಿ' ಎಂದು ಬಾಯಲ್ಲೇ ಹೇಳಿದರು. ಸುಣ್ಣಬಣ್ಣಕ್ಕೆ 9,000, ನೋಟಿಸ್ ಇಲ್ಲವೆಂದು ಒಂದು ತಿಂಗಳ 6,600 ಮುರಿದು ಕೈಗೆ ಬಂದದ್ದು 14,400. ಡಿಪಾಜಿಟ್ ಬಗ್ಗೆ ಪತ್ರದಲ್ಲಿದ್ದದ್ದು 'ಮನೆ ಬಿಡುವಾಗ ಡಿಪಾಜಿಟ್ ಹಿಂದಿರುಗಿಸತಕ್ಕದ್ದು' ಎಂಬ ಒಂದೇ ಸಾಲು. ಯಾವುದಕ್ಕೆ ಮುರಿಯಬಹುದು, ಯಾವತ್ತು ಕೊಡಬೇಕು ಎಂಬುದು ಅದರಲ್ಲಿರಲಿಲ್ಲ.

ನಾನು ಬರೆಸುವುದು ಹೀಗೆ: ಮಾಲೀಕರು ಮುರಿದುಕೊಳ್ಳುವುದು ಬಾಕಿ ಕಿರಾಯಿ, ಬಾಕಿ ಕರೆಂಟ್ ಮತ್ತು ನೀರಿನ ಬಿಲ್, ಕಿರಾಯದಾರರಿಂದ ಮುರಿದ ವಸ್ತು, ಇಷ್ಟಕ್ಕೇ. ವಾಸದಿಂದ ಮಾಸಿದ ಗೋಡೆಗೆ ಮುರಿಯುವಂತಿಲ್ಲ. ಬೀಗದ ಕೈ ಕೊಡುವ ದಿನ ಇಬ್ಬರೂ ಮನೆ ನೋಡಿ ಪಟ್ಟಿಗೆ ಸಹಿ ಮಾಡಬೇಕು. ಉಳಿದ ಹಣ ಏಳು ದಿನದೊಳಗೆ ಬ್ಯಾಂಕಿಗೆ ಬೀಳಬೇಕು. ಬಂದ ದಿನವೇ ಗೋಡೆ, ಫ್ಯಾನ್, ನಲ್ಲಿಯ ಫೋಟೊ ಪತ್ರಕ್ಕೆ ಹಚ್ಚಿದ್ದರೆ ಪಟ್ಟಿಯ ಜಗಳ ಅರ್ಧ ಕಡಿಮೆ.

ಕಿರಾಯಿ ಏರಿಕೆಯಲ್ಲಿ 'ಶೇ. 10' ಎಂದಷ್ಟೇ ಬರೆದರೆ ಸಾಲದು. ಮೊದಲಿನ ಕಿರಾಯಿಯ ಮೇಲಾದರೆ 6,000 ಎರಡು ಏರಿಕೆಯಲ್ಲಿ 7,200. ಏರಿದ ಕಿರಾಯಿಯ ಮೇಲಾದರೆ 7,260. ಪತ್ರದಲ್ಲಿ ರೂಪಾಯಿಯನ್ನೇ ಬರೆಯಿರಿ. ಆದರೆ ಎರಡು ಏರಿಕೆ ಸೇರಿಸಲು ಮೂರು ವರ್ಷದ ಅವಧಿ ಬರೆದರೆ ನೋಂದಣಿ ಬೇಕೇ ಬೇಕು. ಇಲ್ಲದಿದ್ದರೆ ಆ ಶರತ್ತುಗಳನ್ನು ಕೋರ್ಟಿನಲ್ಲಿ ಸಾಬೀತು ಮಾಡಲಾಗುವುದಿಲ್ಲ.

ಇನ್ನು ನನ್ನನ್ನು ಬಿಡದ ಪ್ರಶ್ನೆ. ಅವಧಿ ಮುಗಿದ ಮೇಲೂ ಮಾಲೀಕರು ಕಿರಾಯಿ ತೆಗೆದುಕೊಂಡರೆ, ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಮಿನಂತೆ ಮನೆವಾಸದ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುತ್ತದೆ. 106ನೇ ಕಲಮಿನಲ್ಲಿ 15 ದಿನದ ನೋಟಿಸ್ ಸಾಕು; ಆದರೆ ಅದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು, ತಲುಪಿದ ದಿನದಿಂದ ಲೆಕ್ಕ. ಎರಡೂ ಕಲಮುಗಳು 'ಬೇರೆ ಒಪ್ಪಂದ ಇಲ್ಲದಿದ್ದರೆ' ಎನ್ನುತ್ತವೆ. ಹಾಗಾದರೆ ಮುಗಿದ ಬಾಂಡಿನಲ್ಲಿ 'ಎರಡು ತಿಂಗಳ ನೋಟಿಸ್' ಎಂದಿದ್ದರೆ ಅದು ಬೇರೆ ಒಪ್ಪಂದವೇ, ಅಥವಾ ಅವಧಿಯೊಂದಿಗೇ ಸತ್ತಿತೇ? ನಾನು ಎರಡೂ ಕಡೆ ವಾದಿಸಿದ್ದೇನೆ, ಎರಡೂ ಕಡೆ ತೃಪ್ತಿಯಾಗಿಲ್ಲ. ಅದಕ್ಕೇ ಈಗ ಒಂದು ಸಾಲು ಸೇರಿಸುತ್ತೇನೆ: 'ಅವಧಿ ಮುಗಿದ ಮೇಲೆ ಹೊಸ ಪತ್ರವಿಲ್ಲದೆ ವಾಸ ಮುಂದುವರಿದರೆ, ನೋಟಿಸ್ ಇಬ್ಬರಿಗೂ 30 ದಿನ.' ಈ ಸಾಲು ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂಬುದನ್ನು ಇವತ್ತಿನ ಮೊದಲ ಗೋಷ್ಠಿಯಲ್ಲಿ ನೀವೇ ಒರೆಗೆ ಹಚ್ಚಿರಿ.