ಒಂಬತ್ತು ಕೋಳಿ ಸತ್ತ ದಿನ



2018ರ ಜನವರಿ. ನಮ್ಮ ಬೆಂಗಳೂರಿನ ದಾಸರಹಳ್ಳಿಯಲ್ಲಿ ಎಚ್5ಎನ್8 ಹಕ್ಕಿಜ್ವರ ಕಾಣಿಸಿಕೊಂಡ ಸುದ್ದಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಗೆ ಹೋಯಿತು. ಅಲ್ಲಿದ್ದದ್ದು 951 ಕೋಳಿ. ರೋಗದಿಂದ ಸತ್ತದ್ದು 9. ಮಿಕ್ಕವನ್ನು ಕೊಂದು ವಿಲೇವಾರಿ ಮಾಡಲಾಯಿತು. ಈ ಒಂಬತ್ತು ಎಂಬ ಸಂಖ್ಯೆಯ ಬಗ್ಗೆಯೇ ನಾನು ಇವತ್ತು ಈ ಗೋಷ್ಠಿಯಲ್ಲಿ ಮಾತಾಡಬೇಕೆಂದಿದ್ದೇನೆ.

ಸಾವಿರ ಬ್ರಾಯ್ಲರ್ ಇರುವ ಶೆಡ್ಡಿನಲ್ಲಿ ದಿನಕ್ಕೆ ಒಂದೆರಡು ಸಾಯುವುದು ಮಾಮೂಲಿ. ಒಂಬತ್ತು ಸತ್ತರೆ ಸಾಕಣೆದಾರ ಮೊದಲು ನೆನೆಯುವುದು ಬಿಸಿಲನ್ನು, ಆಮೇಲೆ ಕೊಕ್ಕರೆ ರೋಗವನ್ನು. ಎರಡಕ್ಕೂ ಕಾರಣವಿದೆ. ಆದರೆ ಬಿಸಿಲಿನ ಸಾವು ಮಧ್ಯಾಹ್ನ ಹೆಚ್ಚಿ, ರಾತ್ರಿ ತಂಪಾದರೆ ತಗ್ಗುತ್ತದೆ. ಮೈ ತುಂಬಿದ ಕೋಳಿಗಳೇ ಮೊದಲು ಬೀಳುತ್ತವೆ. ಹಕ್ಕಿಜ್ವರಕ್ಕೆ ಹೊತ್ತಿಲ್ಲ. ಸಂಜೆ ಮೇವು ತಿಂದ ಕೋಳಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಇವತ್ತು ಐದು, ನಾಳೆ ಇಪ್ಪತ್ತು, ಮಾರನೆಯ ದಿನ ಲೆಕ್ಕಕ್ಕೆ ಸಿಗದಷ್ಟು. ಜುಟ್ಟು ನೀಲಿಗಟ್ಟುತ್ತದೆ, ಮುಖ ಊದುತ್ತದೆ, ಕಾಲಿನ ಚರ್ಮದಡಿ ರಕ್ತದ ಕಲೆ ಕಾಣುತ್ತದೆ, ಮೊಟ್ಟೆ ಇಳಿದುಹೋಗುತ್ತದೆ. ಈ ಯಾವ ಲಕ್ಷಣವೂ ಕಾಣದೆ ಸಾಯುವುದೂ ಉಂಟು. ಕೊಕ್ಕರೆ ರೋಗವೂ ಹೀಗೇ ತೋರಬಹುದು. ಕಣ್ಣಳತೆಯಲ್ಲಿ ನಿರ್ಣಯ ಮಾಡಲು ಪಶುವೈದ್ಯರಾದ ನಮಗೂ ಆಗುವುದಿಲ್ಲ. ಮಾದರಿ ಭೋಪಾಲದ ಉನ್ನತ ಭದ್ರತೆಯ ಪ್ರಯೋಗಾಲಯಕ್ಕೆ ಹೋಗಿ ವರದಿ ಬಂದ ಮೇಲೆಯೇ ಖಚಿತ ಉತ್ತರ.

ಹಾಗಾಗಿ ರೋಗದ ಹೆಸರು ಹೇಳುವುದು ಸಾಕಣೆದಾರನ ಕೆಲಸವಲ್ಲ. ಅನುಮಾನ ತಿಳಿಸುವುದು ಅವನ ಕೆಲಸ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆ ಕೇಳುವುದೂ ಇಷ್ಟನ್ನೇ. ರೋಗವಿದೆ ಎಂದು ನಂಬಲು ಕಾರಣವಿದ್ದರೆ ಮಾಲೀಕ ಗ್ರಾಮ ಪಂಚಾಯಿತಿಗೋ ಗ್ರಾಮದ ಅಧಿಕಾರಿಗೋ ತಿಳಿಸಬೇಕು, ಅಲ್ಲಿಂದ ಹತ್ತಿರದ ಪಶುವೈದ್ಯರಿಗೆ ವರದಿ ಹೋಗಬೇಕು. 1962ಕ್ಕೆ ಕರೆ ಮಾಡಬಹುದು, ನೇರವಾಗಿ ಪಶು ಆಸ್ಪತ್ರೆಗೂ ಹೇಳಬಹುದು.

ಆದರೂ ಸಾಕಣೆದಾರ ಹೇಳುವುದಿಲ್ಲವೇಕೆ? ನಾವು ಇದನ್ನು ಅಜ್ಞಾನ ಎಂದು ತಳ್ಳಿಹಾಕುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ರೋಗ ದೃಢಪಟ್ಟರೆ ಸುತ್ತ ಒಂದು ಕಿಲೋಮೀಟರಿನ ಕೋಳಿಗಳೆಲ್ಲ ಹೋಗುತ್ತವೆ, ಪಕ್ಕದ ಮನೆಯ ಅಜ್ಜಿ ಸಾಕಿದ ನಾಲ್ಕು ನಾಟಿ ಕೋಳಿಯೂ ಸೇರಿ. ಹತ್ತು ಕಿಲೋಮೀಟರಿನವರೆಗೆ ಕಣ್ಗಾವಲು. ಊರಿನವರ ಸಿಟ್ಟು ಕರೆ ಮಾಡಿದವನ ಮೇಲೆ. ಶೆಡ್ಡು ತಿಂಗಳುಗಟ್ಟಲೆ ಖಾಲಿ. ಈ ಭಯ ಸುಳ್ಳಲ್ಲ. ಆದರೆ ಅವನಿಗೆ ಹೇಳಬೇಕಾದ ಒಂದು ಲೆಕ್ಕವನ್ನು ನಾವು ಹೇಳಿಲ್ಲ. ಸರ್ಕಾರದ ಪರಿಹಾರ ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆಗೆ ಮತ್ತು ಮೇವಿಗೆ. ಮೊದಲೇ ಸತ್ತ ಕೋಳಿಗೆ ಇಲ್ಲ. ದಾಸರಹಳ್ಳಿಯ ಅಂಕಿ ಹಿಡಿದು ನೋಡಿ: ಒಂಬತ್ತು ಸತ್ತಾಗ ತಿಳಿಸಿದರೆ 942ಕ್ಕೆ ಪರಿಹಾರದ ಹಕ್ಕು. ಮೂರು ದಿನ ಕಾದು ಆರುನೂರು ಸತ್ತರೆ ಆ ಆರುನೂರೂ ಅವನದೇ ನಷ್ಟ.

ಕಾಯುವ ಆ ಮೂರು ದಿನದಲ್ಲೇ ಅನಾಹುತವಾಗುವುದು. ಉಳಿದ ಕೋಳಿಯನ್ನು ಅರ್ಧ ಬೆಲೆಗೆ ವ್ಯಾಪಾರಿಯ ಗಾಡಿಗೆ ಹತ್ತಿಸುತ್ತಾರೆ. ಸತ್ತವನ್ನು ಹಳ್ಳಕ್ಕೆ ಎಸೆದರೆ ನಾಯಿ, ಕಾಗೆ ಎಳೆದಾಡುತ್ತವೆ. ಗಾಡಿ ನಗರದ ಅಂಗಡಿಗಳಿಗೆ ಕೋಳಿ ಇಳಿಸಿ, ಹಿಕ್ಕೆ ಮೆತ್ತಿದ ಖಾಲಿ ಕ್ರೇಟುಗಳೊಂದಿಗೆ ಇನ್ನೊಂದು ಫಾರಂ ಬಾಗಿಲಿಗೆ ನಿಲ್ಲುತ್ತದೆ. ತಂಪಿನಲ್ಲಿ, ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಿಕ್ಕೆಯೊಳಗಿನ ವೈರಸ್ ತಿಂಗಳಿಗೂ ಹೆಚ್ಚು ಬದುಕಬಲ್ಲದು. ನಮ್ಮ ಬೇಸಿಗೆಯ ಕಾವಿನಲ್ಲೂ ಕೆಲವು ದಿನ ಉಳಿಯುತ್ತದೆ.

ಸಣ್ಣ ಫಾರಂಗೆ ಜೈವಿಕ ಸುರಕ್ಷತೆಯೆಂದರೆ ದೊಡ್ಡ ಖರ್ಚಲ್ಲ. ಖರ್ಚು ಮಾಡಿದ ಮಾತ್ರಕ್ಕೆ ರೋಗ ಹೊರಗೆ ನಿಲ್ಲುವುದೂ ಇಲ್ಲ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕುಕ್ಕುಟ ಕೇಂದ್ರದಲ್ಲೇ ಟರ್ಕಿ ಕೋಳಿಗಳು ಎಚ್5ಎನ್1ಗೆ ಸತ್ತವು. ಆವರಣ, ತಜ್ಞರು ಎಲ್ಲ ಇದ್ದರೂ ರೋಗ ಒಳಗೆ ಬಂತು. ನಾನು ಕೇಳುವುದು ಎರಡೇ. ಶೆಡ್ಡಿನ ಒಳಗೆ ಮಾತ್ರ ಮೆಟ್ಟುವ ಒಂದು ಜೊತೆ ಚಪ್ಪಲಿ ಬಾಗಿಲಲ್ಲೇ ಇರಲಿ. ಕ್ರೇಟು ಗೇಟಿನಾಚೆಯೇ ಉಳಿಯಲಿ. ತರಲೇಬೇಕಾದರೆ ಮೊದಲು ಬ್ರಷ್ ಹಾಕಿ ಹಿಕ್ಕೆ ಉಜ್ಜಿ ತೊಳೆದು, ಆಮೇಲೆ ಸೋಂಕುನಾಶಕ ಸಿಂಪಡಿಸಿ. ಹಿಕ್ಕೆಯ ಮೇಲೆ ಬ್ಲೀಚಿಂಗ್ ಸುರಿದರೆ ಹಿಕ್ಕೆಯೇ ಅದರ ಶಕ್ತಿಯನ್ನು ಹೀರಿಬಿಡುತ್ತದೆ.

ಕರೆ ಮಾಡಿದ ಮೇಲೆ ನಾವು ಬರುವವರೆಗೆ ಸತ್ತ ಕೋಳಿಯನ್ನು ಕೊಯ್ದು ನೋಡಬೇಡಿ. ಮೂಗು ಬಾಯಿ ಮುಚ್ಚಿ, ಕೈಗವಸು ಹಾಕಿ, ಒಂದೆಡೆ ಮುಚ್ಚಿಡಿ. ಕೋಳಿ, ಮೊಟ್ಟೆ, ಗೊಬ್ಬರ ಯಾವುದೂ ಗೇಟು ದಾಟದಿರಲಿ.

ಇನ್ನು ಇಲಾಖೆಯ ಗೆಳೆಯರಲ್ಲಿ ಒಂದು ಮನವಿ. ಪರಿಹಾರದ ಕಡತ ಮೇಜಿಂದ ಮೇಜಿಗೆ ಅಲೆದಷ್ಟೂ ಮುಂದಿನ ಸಾಕಣೆದಾರನ ಬಾಯಿ ಕಟ್ಟುತ್ತದೆ. ಕೊಲ್ಲುವ ದಿನವೇ ಕೋಳಿ ಎಣಿಸಿ, ಮಾಲೀಕನ ಸಹಿ ಪಡೆದು, ಪ್ರತಿಯನ್ನು ಅವನ ಕೈಗೆ ಕೊಡಿ. ಹಣ ಬೇಗ ತಲುಪಿಸುವ ದಾರಿಯೇನು ಎಂಬುದನ್ನು ಈ ಗೋಷ್ಠಿ ಚರ್ಚಿಸಿ, ಬರಹದಲ್ಲಿ ಸರ್ಕಾರಕ್ಕೆ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.